ಹದಿನಾಲ್ಕು ಮೀಟರ್ ತಾಮ್ರದ ವೈರ್, 48 ಡಿಗ್ರಿ ತಪ್ಪು: ಒಂದು ಫರ್ನೇಸ್ ರಿಪೇರಿಯ ದಾಖಲೆ

ಕೆಲಸದ ಜಾಗ: ಬಳ್ಳಾರಿಯ ಮುಂಡರಗಿ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಸಣ್ಣ ಹೀಟ್ ಟ್ರೀಟ್‌ಮೆಂಟ್ ಶೆಡ್. ಕ್ರಷರ್‌ಗಳಿಗೆ, ಗಿಣಿಗೇರಾ ಕಡೆಯ ಸ್ಪಾಂಜ್ ಐರನ್ ಕಾರ್ಖಾನೆಗಳ ಕನ್ವೇಯರ್‌ಗಳಿಗೆ ಬೇಕಾಗುವ ಪಿನ್ನು, ಬುಷ್ಷುಗಳನ್ನು ಇಲ್ಲಿ ಹಾರ್ಡನಿಂಗ್ ಮಾಡುತ್ತಾರೆ.

ಯಂತ್ರ: ಕಾಯಿಲ್ ಇರುವ ಎಲೆಕ್ಟ್ರಿಕ್ ಫರ್ನೇಸ್, ಶಾಖ ಅಳೆಯಲು ಕೆ ಟೈಪ್ ಥರ್ಮೋಕಪಲ್, ಅದನ್ನು ಓದಿ ಶಾಖ ಹಿಡಿದಿಡಲು ಪಿಐಡಿ ಕಂಟ್ರೋಲರ್, ಹೀಟರ್‌ಗೆ ಕರೆಂಟ್ ಕೊಟ್ಟು ತೆಗೆಯಲು ಎಸ್‌ಎಸ್‌ಆರ್. ಸೆಟ್ ಪಾಯಿಂಟ್ 850. ಮಾಲು ಹೆಚ್ಚಾಗಿ ಇಎನ್-8 ಸ್ಟೀಲ್; ಅದರ ಹಾರ್ಡನಿಂಗ್ ಶಾಖ ಸುಮಾರು 830ರಿಂದ 860 ಡಿಗ್ರಿ.

ದೂರು: ಬೆಳಗಿನ ಮೊದಲ ಲೋಡ್ ಮೆತ್ತಗೆ ಬರುತ್ತದೆ, ಮಧ್ಯಾಹ್ನದ ಲೋಡ್‌ನಲ್ಲಿ ಪಿನ್ನುಗಳು ಬಾಗುತ್ತವೆ, ಒಂದೆರಡು ಸೀಳುತ್ತವೆ. ಡಿಸ್‌ಪ್ಲೇ ಮಾತ್ರ ಎರಡೂ ಹೊತ್ತು 850ರಲ್ಲಿ ಅಲ್ಲಾಡದೆ ನಿಂತಿರುತ್ತದೆ.

ನಾನು ಹೋಗುವ ಮೊದಲು ಆಗಿದ್ದು

ಹಿಂದಿನ ಬೇಸಿಗೆಯವರೆಗೆ ಪ್ಯಾನಲ್ ಫರ್ನೇಸ್ ಪಕ್ಕದಲ್ಲೇ ಇತ್ತು. ಅದಿರಿನ ಕೆಂಪು ಧೂಳು ಎಸ್‌ಎಸ್‌ಆರ್ ಹೀಟ್‌ಸಿಂಕ್ ಮೇಲೆ ಕೂತು, ಮೇಲಿಂದ ಏಪ್ರಿಲ್ ಬಿಸಿಲು ಸೇರಿ, ಎಸ್‌ಎಸ್‌ಆರ್‌ಗಳು ಒಂದಾದ ಮೇಲೊಂದು ಸುಟ್ಟಿದ್ದವು. ಹಾಗಾಗಿ ಸಾವುಕಾರರು ಶೆಡ್ಡಿನ ಮೂಲೆಯಲ್ಲಿ ಒಂದು ಕ್ಯಾಬಿನ್ ಕಟ್ಟಿಸಿ, ಏಸಿ ಹಾಕಿಸಿ, ಪ್ಯಾನಲ್ಲನ್ನು ಅಲ್ಲಿಗೆ ಸಾಗಿಸಿದರು. ಯೋಚನೆ ಸರಿಯಾಗೇ ಇತ್ತು, ಅಲ್ಲಿಂದೀಚೆಗೆ ಒಂದು ಎಸ್‌ಎಸ್‌ಆರ್ ಕೂಡ ಹೋಗಿಲ್ಲ. ಆದರೆ ಥರ್ಮೋಕಪಲ್‌ನಿಂದ ಪ್ಯಾನಲ್‌ಗೆ ಇದ್ದ ಗಿಡ್ಡ ಕೇಬಲ್ ಹೊಸ ಜಾಗಕ್ಕೆ ಎಟುಕಲಿಲ್ಲ. ಸ್ಟೋರಿನಲ್ಲಿದ್ದ ಎರಡು ಕೋರ್‌ನ ಶೀಲ್ಡ್ ಇರುವ ತಾಮ್ರದ ಕೇಬಲ್ ಎಳೆದರು. ಅಂದಾಜು 14 ಮೀಟರ್.

ಲೋಡ್ ಕೆಡಲು ಶುರುವಾದ ಮೇಲೆ ಮೊದಲು ಥರ್ಮೋಕಪಲ್ ಬದಲಾಯಿಸಿದರು. ಆಮೇಲೆ ಕಂಟ್ರೋಲರ್ ಬದಲಾಯಿಸಿದರು, ಅದಕ್ಕೆ 4,200 ರೂಪಾಯಿ. ಎರಡರಿಂದಲೂ ಏನೂ ಬದಲಾಗಲಿಲ್ಲ. ಜನವರಿಯಲ್ಲಿ ಕ್ಯಾಲಿಬ್ರೇಷನ್‌ಗೆ ಒಬ್ಬರು ಬಂದು ಏನೋ "ಅಡ್ಜಸ್ಟ್" ಮಾಡಿ ಹೋಗಿದ್ದರು ಎಂದು ಆಪರೇಟರ್ ಹೇಳಿದ. ಏನು ಮಾಡಿದರು ಎಂಬುದು ಯಾರಿಗೂ ಗೊತ್ತಿರಲಿಲ್ಲ, ಎಲ್ಲೂ ಬರೆದಿಟ್ಟಿರಲಿಲ್ಲ.

1. ಕಂಟ್ರೋಲರ್ ತನ್ನ ಜಾಗದ ಶಾಖವನ್ನು ಸರಿಯಾಗಿ ಓದುತ್ತಿದೆಯೇ?

ಥರ್ಮೋಕಪಲ್ ಫರ್ನೇಸಿನ ಶಾಖವನ್ನು ನೇರವಾಗಿ ಹೇಳುವುದಿಲ್ಲ. ಒಳಗಿನ ತುದಿಗೂ, ಅದರ ವೈರ್ ಮುಗಿಯುವ ಜಾಗಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಮಿಲಿವೋಲ್ಟ್‌ನಲ್ಲಿ ಕೊಡುತ್ತದೆ. ಬಾವಿಗೆ ಇಳಿಬಿಟ್ಟ ಹಗ್ಗ ದಂಡೆಯಿಂದ ನೀರಿಗೆ ಎಷ್ಟು ಎಂದು ಹೇಳುತ್ತದೆಯೇ ಹೊರತು, ದಂಡೆ ಎಷ್ಟು ಎತ್ತರದಲ್ಲಿದೆ ಎಂದು ಹೇಳುವುದಿಲ್ಲವಲ್ಲ, ಹಾಗೆ. ಆ ದಂಡೆಯ ಲೆಕ್ಕವನ್ನು ಕಂಟ್ರೋಲರ್ ತಾನೇ ಸೇರಿಸಿಕೊಳ್ಳುತ್ತದೆ. ಅದರ ಹಿಂಬದಿಯ ಟರ್ಮಿನಲ್ ಹತ್ತಿರ ಒಂದು ಚಿಕ್ಕ ಸೆನ್ಸರ್ ಇರುತ್ತದೆ. ಟರ್ಮಿನಲ್ 27 ಡಿಗ್ರಿ ಇದ್ದರೆ, ಕೆ ಟೈಪ್ ಟೇಬಲ್ ಪ್ರಕಾರ 27ಕ್ಕೆ ಬರುವ 1.08 ಮಿಲಿವೋಲ್ಟ್ ಅನ್ನು, ಬಂದ ವೋಲ್ಟೇಜಿಗೆ ಕೂಡಿಸಿ ಶಾಖ ತೋರಿಸುತ್ತದೆ. ಕೋಲ್ಡ್ ಜಂಕ್ಷನ್ ಕಂಪೆನ್ಸೇಷನ್ ಅಂದರೆ ಇಷ್ಟೇ. ಈ ಕೆಲಸಕ್ಕೆ ಬೇಕಾದ ಥಿಯರಿಯೂ ಇಷ್ಟೇ.

ಇದನ್ನು ಪರೀಕ್ಷಿಸುವುದು ಸುಲಭ. ಇನ್‌ಪುಟ್ ವೈರ್‌ಗಳನ್ನು ಬಿಚ್ಚಿ, ಪ್ಲಸ್ ಮತ್ತು ಮೈನಸ್ ಟರ್ಮಿನಲ್‌ಗಳನ್ನು ಒಂದು ಇಂಚು ತಾಮ್ರದ ತಂತಿಯಿಂದ ಶಾರ್ಟ್ ಮಾಡಬೇಕು. ಬರುವ ವೋಲ್ಟೇಜ್ ಸೊನ್ನೆ, ಆದ್ದರಿಂದ ಡಿಸ್‌ಪ್ಲೇ ಟರ್ಮಿನಲ್‌ನ ಶಾಖವನ್ನೇ ತೋರಿಸಬೇಕು. ಇದನ್ನು ಮಾಡುವ ಮುಂಚೆ ಹೀಟರ್‌ನ ಎಂಸಿಬಿ ಇಳಿಸಲೇಬೇಕು. ಶಾರ್ಟ್ ಮಾಡಿದ ಕೂಡಲೇ ಫರ್ನೇಸ್ ತಣ್ಣಗಿದೆ ಅಂದುಕೊಂಡು ಕಂಟ್ರೋಲರ್ ಪೂರ್ತಿ ಪವರ್ ಕೊಡುತ್ತದೆ. ಬಿಸಿ ಫರ್ನೇಸ್‌ನಲ್ಲಿ ಹಾಗೇ ಬಿಟ್ಟು ಟೀ ಕುಡಿಯಲು ಹೋದರೆ ಕಾಯಿಲ್ ಉಳಿಯುವುದಿಲ್ಲ.

ಟರ್ಮಿನಲ್ ಪಕ್ಕಕ್ಕೆ ನನ್ನ ಕೈ ಮೀಟರಿನ ತೆಳು ಥರ್ಮೋಕಪಲ್ ತುದಿಯನ್ನು ಟೇಪ್ ಹಾಕಿ ಅಂಟಿಸಿದೆ. ಅಲ್ಲಿ 27 ಬಂತು. ಕಂಟ್ರೋಲರ್ ತೋರಿಸಿದ್ದು 57.

ಕರಾರುವಾಕ್ಕಾಗಿ 30 ಹೆಚ್ಚು ಬಂದರೆ ಅದು ಸೆನ್ಸರ್ ಕೆಟ್ಟಿರುವ ಲಕ್ಷಣವಲ್ಲ, ಯಾರೋ ಕೈಯಿಂದ ತುಂಬಿದ ಅಂಕಿ. ಮೆನುವಿನೊಳಗೆ ಹೋಗಿ ನೋಡಿದರೆ ಇನ್‌ಪುಟ್ ಆಫ್‌ಸೆಟ್ 30 ಇತ್ತು. ಕಂಟ್ರೋಲರ್ ಹೊಸದು, ಅದಕ್ಕೆ ಇದು ಎಲ್ಲಿಂದ ಬಂತು ಎಂದು ಕೇಳಿದರೆ ಎಲೆಕ್ಟ್ರಿಷಿಯನ್ ಒಂದು ಚೀಟಿ ತೆಗೆದು ತೋರಿಸಿದ. ಹಳೆಯ ಕಂಟ್ರೋಲರ್‌ನ ಸೆಟ್ಟಿಂಗ್‌ಗಳನ್ನೆಲ್ಲ ಶ್ರದ್ಧೆಯಿಂದ ಬರೆದುಕೊಂಡು ಹೊಸದಕ್ಕೆ ತುಂಬಿದ್ದ. ಅವನ ಕೆಲಸದಲ್ಲಿ ಕೊರತೆಯಿರಲಿಲ್ಲ. ಜನವರಿಯ "ಅಡ್ಜಸ್ಟ್" ಹೊಸ ಡಬ್ಬಿಗೂ ದಾಟಿ ಬಂದಿತ್ತು ಅಷ್ಟೇ.

ಆಫ್‌ಸೆಟ್ ಸೊನ್ನೆ ಮಾಡಿದೆ. ಡಿಸ್‌ಪ್ಲೇ 27ಕ್ಕೆ ಬಂತು. ಕೋಲ್ಡ್ ಜಂಕ್ಷನ್ ಸರಿಯಿದೆ ಎಂದು ಬರೆದುಕೊಂಡು ಮುಂದಕ್ಕೆ ಹೋದೆ.

2. ಫರ್ನೇಸ್ ಕಡೆ

ಮಧ್ಯಾಹ್ನದವರೆಗೆ ಫರ್ನೇಸ್ ಓಡಲು ಬಿಟ್ಟು, 3 ಮಿಲಿಮೀಟರ್‌ನ ಸ್ಟೀಲ್ ಶೀತ್ ಇರುವ ನನ್ನ ಕೆ ಟೈಪ್ ಪ್ರೋಬನ್ನು ಪಕ್ಕದ ತೂತಿನಿಂದ ಒಳಗೆ ಬಿಟ್ಟೆ. ತುದಿ, ಶೆಡ್ಡಿನ ಥರ್ಮೋಕಪಲ್‌ನ ತುದಿಯ ಪಕ್ಕಕ್ಕೇ ಬರುವಂತೆ ಅಳತೆ ಮಾಡಿ ನಿಲ್ಲಿಸಿದೆ. ಪ್ರೋಬ್ ಸೇರಿಸುವಾಗಲೂ ಹೀಟರ್ ಆಫ್, ತುದಿ ಕಾಯಿಲ್‌ಗೆ ತಾಗಿದರೆ ಕೈಗೆ ಕರೆಂಟ್.

ನನ್ನ ಮೀಟರ್ 850 ತೋರಿಸಿದಾಗ ಕಂಟ್ರೋಲರ್ 801, 802ರ ನಡುವೆ ಆಡುತ್ತಿತ್ತು. ಅಂದರೆ 48 ಡಿಗ್ರಿ ಕಡಿಮೆ.

ಆಮೇಲೆ ಥರ್ಮೋಕಪಲ್‌ನ ಹೆಡ್, ಅಂದರೆ ಅದರ ವೈರ್ ಮುಗಿದು ಕೇಬಲ್ ಶುರುವಾಗುವ ಡಬ್ಬಿ, ಬಿಚ್ಚಿದೆ. ಫರ್ನೇಸಿನ ಗೋಡೆಯಿಂದ ಒಂದು ಗೇಣು ದೂರದಲ್ಲಿದ್ದರೂ ಮುಚ್ಚಳ ಕೈ ಸುಡುವಷ್ಟು ಬಿಸಿ. ಆಪರೇಟರ್ ಐಆರ್ ಗನ್ ತಂದು ಹಿತ್ತಾಳೆಯ ಟರ್ಮಿನಲ್ ಮೇಲೆ ಹೊಡೆದ, 52 ಬಂತು. ಹೊಳೆಯುವ ಹಿತ್ತಾಳೆ ಮೇಲೆ ಐಆರ್ ಗನ್ ನಂಬುವಂತಿಲ್ಲ, ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆ. ತೆಳು ಥರ್ಮೋಕಪಲ್ ತುದಿಯನ್ನು ಸ್ಕ್ರೂ ತಲೆಗೆ ಗ್ಲಾಸ್ ಟೇಪಿನಿಂದ ಒತ್ತಿ ಕಟ್ಟಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ 75.

ಹೆಡ್ 75, ಪ್ಯಾನಲ್ 27. ನಡುವಿನ ಅಂತರ 48. ತಪ್ಪು ಕೂಡ 48.

ಇಷ್ಟಕ್ಕೇ ಎಲೆಕ್ಟ್ರಿಷಿಯನ್ ಒಪ್ಪಲಿಲ್ಲ. ಕೇಬಲ್ ಮೇಲೆ ಅನುಮಾನ ಬಂದು ಅವನೇ ಹಿಂದೆ ಒಮ್ಮೆ ಪರೀಕ್ಷೆ ಮಾಡಿದ್ದನಂತೆ.

"ಸರ, ಹೆಡ್ ಹತ್ರ ಎಷ್ಟು ಮಿಲಿವೋಲ್ಟ್ ಐತೋ ಪ್ಯಾನಲ್ ಹತ್ರನೂ ಅಷ್ಟೇ ಬರ್ತೈತ್ರಿ. ನಡುವೆ ಎಲ್ಲೂ ಲಾಸ್ ಇಲ್ಲ. ಕೇಬಲ್ ಪಕ್ಕಾ ಐತ್ರಿ."

ಮತ್ತೆ ಅಳೆದೆವು. ಹೆಡ್‌ನಲ್ಲಿ 32.2 ಮಿಲಿವೋಲ್ಟ್, ಪ್ಯಾನಲ್ ತುದಿಯಲ್ಲೂ 32.2. ಅವನು ಹೇಳಿದ್ದು ನಿಜವೇ. ಆದರೆ ತೊಂದರೆ ಇದ್ದದ್ದೂ ಅಲ್ಲೇ.

ಲೆಕ್ಕ ಹೀಗೆ. ಕೆ ಟೈಪ್ ಟೇಬಲ್‌ನಲ್ಲಿ 850ಕ್ಕೆ 35.31 ಮಿಲಿವೋಲ್ಟ್, 75ಕ್ಕೆ 3.06. ಥರ್ಮೋಕಪಲ್ ವೈರ್ ಹೆಡ್‌ನಲ್ಲಿ ಮುಗಿಯುವುದರಿಂದ ಅಲ್ಲಿ ಸಿಗುವುದು ಇವುಗಳ ವ್ಯತ್ಯಾಸ, 32.25. ತಾಮ್ರದ ಎರಡು ಕೋರ್‌ಗಳು ಒಂದೇ ಲೋಹ, ಅವು ತಮ್ಮ ಕಡೆಯಿಂದ ಏನನ್ನೂ ಸೇರಿಸದೆ ಆ 32.25 ಅನ್ನು ಹಾಗೇ ಪ್ಯಾನಲ್‌ಗೆ ಮುಟ್ಟಿಸುತ್ತವೆ. ಕಂಟ್ರೋಲರ್ ತನ್ನ ಟರ್ಮಿನಲ್‌ನ 27ಕ್ಕೆ 1.08 ಕೂಡಿಸುತ್ತದೆ. ಒಟ್ಟು 33.33. ಟೇಬಲ್‌ನಲ್ಲಿ ಅದು 801 ಚಿಲ್ಲರೆ.

ಸರಿಯಾದ ಕೇಬಲ್ ಇದ್ದರೆ ಪ್ಯಾನಲ್ ತುದಿಯಲ್ಲಿ ಮಿಲಿವೋಲ್ಟ್ ಹೆಚ್ಚಾಗಬೇಕು. ಕೆ ಟೈಪ್‌ನ ಎಕ್ಸ್‌ಟೆನ್ಷನ್ ಕೇಬಲ್ ಕೂಡ ಕ್ರೋಮೆಲ್-ಅಲ್ಯುಮೆಲ್ ಜೋಡಿಯೇ. ಅದರ ಒಂದು ತುದಿ 75ರಲ್ಲಿ, ಇನ್ನೊಂದು 27ರಲ್ಲಿ ಇರುವುದರಿಂದ ಅದು ತಾನೇ 1.98 ಮಿಲಿವೋಲ್ಟ್ ಹುಟ್ಟಿಸುತ್ತದೆ. ಆಗ ಪ್ಯಾನಲ್‌ನಲ್ಲಿ 34.23 ಬರಬೇಕು. 1.08 ಕೂಡಿಸಿದರೆ 35.31, ಅಂದರೆ 850. ಥರ್ಮೋಕಪಲ್ ಕೇಬಲ್‌ನಲ್ಲಿ "ಎರಡೂ ಕಡೆ ಒಂದೇ ವೋಲ್ಟೇಜ್" ಎಂಬುದು, ಎರಡೂ ಕಡೆಯ ಶಾಖ ಬೇರೆಯಾಗಿದ್ದಾಗ, ಕೇಬಲ್ ತಪ್ಪು ಎಂಬುದಕ್ಕೇ ಸಾಕ್ಷಿ. ಬೇರೆಲ್ಲ ಸರ್ಕ್ಯೂಟ್‌ಗಳಲ್ಲಿ ಕಲಿತದ್ದು ಇಲ್ಲಿ ತಲೆಕೆಳಗಾಗುವುದರಿಂದ ಒಳ್ಳೊಳ್ಳೆ ಎಲೆಕ್ಟ್ರಿಷಿಯನ್‌ಗಳೂ ಇಲ್ಲಿ ದಾರಿ ತಪ್ಪುತ್ತಾರೆ.

ಪ್ಯಾನಲ್ ಫರ್ನೇಸ್ ಪಕ್ಕದಲ್ಲಿದ್ದಾಗ ಯಾಕೆ ತೊಂದರೆ ಇರಲಿಲ್ಲ ಎಂಬುದೂ ಇದರಿಂದಲೇ ತಿಳಿಯುತ್ತದೆ. ಹೆಡ್ಡೂ ಪ್ಯಾನಲ್ಲೂ ಎರಡೂ ಬೇಯುತ್ತಿದ್ದವು, ಅಂತರ ಚಿಕ್ಕದು. ಮೇಲಾಗಿ ಆ ಹಳೆಯ ತುಂಡು ಕೇಬಲ್ ಸರಿಯಾದ ಜಾತಿಯದೇ ಆಗಿತ್ತು, ಮೂಲೆಯಲ್ಲಿ ಬಿದ್ದದ್ದನ್ನು ಆಮೇಲೆ ನೋಡಿದೆ. ಏಸಿ ಕ್ಯಾಬಿನ್ ಬಂದು ಒಂದು ತುದಿ ತಣ್ಣಗಾಯಿತು, ಅದೇ ದಿನ ತಾಮ್ರವೂ ಬಂತು.

3. ಜನವರಿಯ 30 ಎಲ್ಲಿಂದ ಬಂತು

ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಮೆತ್ತಗಿನ ಲೋಡ್, ಬಾಗಿದ ಲೋಡ್ ಎರಡಕ್ಕೂ ಉತ್ತರ ಇದರಲ್ಲೇ ಇದೆ.

ಜನವರಿಯಲ್ಲಿ ಬಂದವರು ತಮ್ಮ ಮೀಟರ್ ಹಾಕಿ ನೋಡಿದಾಗ 30 ಡಿಗ್ರಿ ಕಡಿಮೆ ಕಂಡಿರಬೇಕು. ಆ ಚಳಿಯಲ್ಲಿ ಹೆಡ್ 57ರ ಹತ್ತಿರ ಇದ್ದಿದ್ದರೆ ಲೆಕ್ಕ ಸರಿಹೊಂದುತ್ತದೆ. ಕಾರಣ ಹುಡುಕದೆ 30 ತುಂಬಿದರು. ಆ ಗಳಿಗೆಗೆ ಡಿಸ್‌ಪ್ಲೇ ಸರಿಯಾಯಿತು.

ಈಗ ಏಪ್ರಿಲ್. ಬೆಳಿಗ್ಗೆ ಫರ್ನೇಸ್ 850 ಮುಟ್ಟಿದರೂ ಹೆಡ್ ಇನ್ನೂ ಕಾದಿರುವುದಿಲ್ಲ. ಗೋಡೆಯ ಇಟ್ಟಿಗೆ ದಾಟಿ ಶಾಖ ಹೊರಗೆ ಬರಲು ಗಂಟೆಗಟ್ಟಲೆ ಬೇಕು. ಮೊದಲ ಲೋಡ್ ಹೊತ್ತಿಗೆ ಹೆಡ್ 40 ಇರುವುದನ್ನು ಮರುದಿನ ಅಳೆದೆ. ಆಗ ತಾಮ್ರದಿಂದಾಗುವ ತಪ್ಪು 13 ಡಿಗ್ರಿ ಮಾತ್ರ. ಅದರ ಮೇಲೆ 30 ಕೂಡಿಸಿದ್ದರಿಂದ ಡಿಸ್‌ಪ್ಲೇ ನಿಜಕ್ಕಿಂತ 17 ಹೆಚ್ಚು ತೋರಿಸುತ್ತಿತ್ತು. 850 ಎಂದು ಕಂಡಾಗ ಒಳಗೆ 833. ಬಾಗಿಲ ಕಡೆಯ ಪಿನ್ನುಗಳು ಅದಕ್ಕೂ ಕೆಳಗೆ, ಅವೇ ಮೆತ್ತಗೆ ಬರುತ್ತಿದ್ದದ್ದು.

ಮಧ್ಯಾಹ್ನ ಹೆಡ್ 75. ತಪ್ಪು 48, ಆಫ್‌ಸೆಟ್ 30, ಉಳಿದ ಕೊರತೆ 18. ಡಿಸ್‌ಪ್ಲೇ 850 ಅಂದಾಗ ಒಳಗೆ 868. ಮೇಲಿನ ಮಿತಿ ದಾಟಿದ ಮಾಲು ಕ್ವೆಂಚ್‌ನಲ್ಲಿ, ಅಂದರೆ ಒಮ್ಮೆಲೇ ತಣಿಸುವಾಗ, ಬಾಗುತ್ತಿತ್ತು.

ತಪ್ಪು ಕೇಬಲ್‌ನ ತಪ್ಪಿಗೆ ಫರ್ನೇಸಿನ ಶಾಖದ ಜೊತೆ ಹೆಚ್ಚು ಸಂಬಂಧವಿಲ್ಲ. ಅದು ಹೆಡ್ ಮತ್ತು ಪ್ಯಾನಲ್ ನಡುವಿನ ಅಂತರದ ಹಿಂದೆ ಓಡುತ್ತದೆ. ಆ ಅಂತರ ಹೊತ್ತಿಗೊಂದು, ಕಾಲಕ್ಕೊಂದು. ಹಾಗೆ ಓಡುವ ತಪ್ಪನ್ನು ನಿಂತ ಅಂಕಿಯಿಂದ ಹಿಡಿಯಲಾಗದು. ನನ್ನ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವುದು ಇಂಥ ಹಳೆಯ ಆಫ್‌ಸೆಟ್‌ಗಳೇ. ಕೆಟ್ಟ ಭಾಗವನ್ನು ಹುಡುಕುವುದು ಸುಲಭ, ಯಾರೋ ಮುಚ್ಚಿಟ್ಟ ಕೆಡುಕನ್ನು ಹುಡುಕುವುದು ಕಷ್ಟ.

4. ಹೊಸ ಕೇಬಲ್, ಮೊದಲಿಗಿಂತ ಕೆಟ್ಟ ಫಲ

ಬಳ್ಳಾರಿಯ ಅಂಗಡಿಗಳಲ್ಲಿ "ಕಂಪೆನ್ಸೇಟಿಂಗ್ ಕೇಬಲ್" ಎಂದು ಕೇಳಿದರೆ ಏನೋ ಒಂದು ಕೊಡುತ್ತಾರೆ. ಒಬ್ಬರು ಕೊಟ್ಟ ತುಂಡು ಜೆ ಟೈಪ್ ಆಗಿತ್ತು. ಅದನ್ನು ಹಾಕಿದ್ದರೆ ತಪ್ಪು ಇನ್ನೊಂದು ದಿಕ್ಕಿಗೆ ಹೋಗುತ್ತಿತ್ತು. 75ಕ್ಕೂ 27ಕ್ಕೂ ನಡುವೆ ಜೆ ಜೋಡಿ ಹುಟ್ಟಿಸುವುದು 2.54 ಮಿಲಿವೋಲ್ಟ್, ಬೇಕಾದದ್ದು 1.98. ಡಿಸ್‌ಪ್ಲೇ ಸುಮಾರು 14 ಡಿಗ್ರಿ ಹೆಚ್ಚು ತೋರಿಸಿ ಫರ್ನೇಸ್ ಅಷ್ಟು ತಣ್ಣಗೆ ಓಡುತ್ತಿತ್ತು. ಕಡೆಗೆ ಬೆಂಗಳೂರಿನಿಂದ ಕೆ ಟೈಪ್ ಎಕ್ಸ್‌ಟೆನ್ಷನ್ ಕೇಬಲ್ ತರಿಸಿದೆವು. ಗ್ಲಾಸ್ ಹೆಣಿಗೆಯದು, ಮೀಟರಿಗೆ 85 ರೂಪಾಯಿ, 18 ಮೀಟರ್, ಒಟ್ಟು 1,530. ಹೆಡ್ ಹತ್ತಿರದ ಶಾಖಕ್ಕೆ ಪಿವಿಸಿ ಬೇಡವೆಂದು ಗ್ಲಾಸ್.

ಕೇಬಲ್ ಬಂದ ದಿನ ನಾನು ತೋರಣಗಲ್ಲು ಕಡೆ ಬೇರೆ ಕೆಲಸದಲ್ಲಿದ್ದೆ. ಎಲೆಕ್ಟ್ರಿಷಿಯನ್ ತಾನೇ ಎಳೆದು ಜೋಡಿಸಿದ. ನನ್ನ ಪ್ರೋಬ್ ಮತ್ತು ಮೀಟರ್ ಅಲ್ಲೇ ಬಿಟ್ಟು ಬಂದಿದ್ದೆ, ಅದೊಂದು ಪುಣ್ಯ. ಮಧ್ಯಾಹ್ನ ಫೋನ್ ಬಂತು.

"ಸರ, ಹೊಸ ಕೇಬಲ್ ಹಾಕಿದ್ಮ್ಯಾಲೆ ಇನ್ನೂ ಜಾಸ್ತಿ ಕೆಟ್ಟೈತ್ರಿ. ನಿಮ್ ಮೀಟರ್ 850, ನಮ್ದು 753. ಆಫ್ ಮಾಡೀನಿ."

97 ಡಿಗ್ರಿ ಕಡಿಮೆ. ತಾಮ್ರ ಇದ್ದಾಗಿನ ತಪ್ಪಿಗೆ ಹೆಚ್ಚುಕಡಿಮೆ ಎರಡರಷ್ಟು. "ಎರಡರಷ್ಟು" ಎಂದ ಕೂಡಲೇ ಏನಾಗಿದೆ ಎಂದು ಹೊಳೆಯಿತು. "ಕೇಬಲ್ ಬಣ್ಣ ಏನು?" ಎಂದು ಕೇಳಿದೆ. ಮೇಲ್ಹೊದಿಕೆ ಹಳದಿ, ಒಳಗೆ ಒಂದು ಹಳದಿ, ಒಂದು ಕೆಂಪು. ಕೆಂಪನ್ನು ಪ್ಲಸ್‌ಗೆ ಹಾಕಿದ್ದ, ಎರಡೂ ಕಡೆ.

ಅವನನ್ನು ದೂರುವಂತಿಲ್ಲ. ಬ್ಯಾಟರಿಯಿಂದ ಹಿಡಿದು ಟೆಸ್ಟರ್‌ವರೆಗೆ ಕೆಂಪು ಅಂದರೆ ಪ್ಲಸ್. ಆದರೆ ಅಮೆರಿಕದ ಬಣ್ಣಪದ್ಧತಿಯ ಥರ್ಮೋಕಪಲ್ ಕೇಬಲ್‌ಗಳಲ್ಲಿ ಕೆಂಪು ಯಾವಾಗಲೂ ಮೈನಸ್. ಕೆ ಟೈಪ್‌ಗೆ ಹಳದಿ ಪ್ಲಸ್. ಐಇಸಿ 60584-3ರ ಪ್ರಕಾರ ಬಂದ ಕೇಬಲ್ ಆಗಿದ್ದರೆ ಹೊದಿಕೆ ಹಸಿರು, ಪ್ಲಸ್ ಹಸಿರು, ಮೈನಸ್ ಬಿಳಿ. ಹಳೆಯ ಜರ್ಮನ್ ಪದ್ಧತಿಯಲ್ಲಿ ಕೆಂಪು ಪ್ಲಸ್, ಹಸಿರು ಮೈನಸ್. ಅಂದರೆ ಒಂದೇ ಹಸಿರು ವೈರ್ ಒಂದು ಪದ್ಧತಿಯಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್. ಮಾರುಕಟ್ಟೆಯಲ್ಲಿ ಎಲ್ಲವೂ ಸಿಗುತ್ತವೆ.

ಒಂದೇ ಕಡೆ ಉಲ್ಟಾ ಆಗಿದ್ದರೆ ತಕ್ಷಣ ಗೊತ್ತಾಗುತ್ತಿತ್ತು, ಫರ್ನೇಸ್ ಕಾದಂತೆಲ್ಲ ಡಿಸ್‌ಪ್ಲೇ ಕೆಳಗಿಳಿಯುತ್ತದೆ. ಎರಡೂ ಕಡೆ ಉಲ್ಟಾ ಆದರೆ ಥರ್ಮೋಕಪಲ್‌ನ ಪ್ಲಸ್ ಕಂಟ್ರೋಲರ್‌ನ ಪ್ಲಸ್‌ಗೇ ಸೇರುತ್ತದೆ. ಓದು ಏರುತ್ತದೆ, ನಿಲ್ಲುತ್ತದೆ, ಎಲ್ಲವೂ ಸಹಜವಾಗಿ ಕಾಣುತ್ತದೆ. ಕೇಬಲ್ ಮಾತ್ರ ಕೂಡಿಸಬೇಕಾದ 1.98 ಅನ್ನು ಕಳೆಯುತ್ತಿರುತ್ತದೆ. 32.25ರಲ್ಲಿ 1.98 ಹೋಗಿ ಪ್ಯಾನಲ್‌ಗೆ 30.27 ಮುಟ್ಟುತ್ತದೆ, 1.08 ಕೂಡಿದರೆ 31.35, ಅಂದರೆ 753. ಫೋನಿನಲ್ಲಿ ಅವನು ಹೇಳಿದ ಅಂಕಿಯೇ.

ಬೆಳಿಗ್ಗೆ ತಣ್ಣಗಿದ್ದಾಗ ಅವನು ಒಮ್ಮೆ ಚೆಕ್ ಮಾಡಿದ್ದ. ಆಗ ಎರಡೂ ಮೀಟರ್ ಒಂದೇ ತೋರಿಸಿದ್ದವು. ತೋರಿಸಲೇಬೇಕು. ಹೆಡ್ಡೂ ಪ್ಯಾನಲ್ಲೂ ಒಂದೇ ಶಾಖದಲ್ಲಿದ್ದಾಗ ತಾಮ್ರ ಹಾಕಿದರೂ ಸರಿ, ಉಲ್ಟಾ ಹಾಕಿದರೂ ಸರಿ, ಓದು ಸರಿಯಾಗಿಯೇ ಬರುತ್ತದೆ. ತಣ್ಣನೆಯ ಫರ್ನೇಸ್‌ನಲ್ಲಿ ಈ ತಪ್ಪನ್ನು ಹಿಡಿಯಲು ಸಾಧ್ಯವೇ ಇಲ್ಲ.

5. ಗಂಟು ಹಾಕಿ ನೋಡುವ ಪರೀಕ್ಷೆ

ಮರುದಿನ ಹೋಗಿ, ಬಣ್ಣ ನಂಬದೆ ಕೇಬಲ್ ಪರೀಕ್ಷಿಸುವುದನ್ನು ಅವನಿಗೆ ತೋರಿಸಿದೆ. ಇದಕ್ಕೆ ರೆಫರೆನ್ಸ್ ಪ್ರೋಬ್ ಬೇಡ, ಟೇಬಲ್ಲೂ ಬೇಡ.

ಫರ್ನೇಸ್ ಬಿಸಿಯಿರುವಾಗ ಹೀಟರ್ ಎಂಸಿಬಿ ಇಳಿಸಿ, ಹೆಡ್‌ನಲ್ಲಿ ಥರ್ಮೋಕಪಲ್ ವೈರ್‌ಗಳನ್ನು ಬಿಚ್ಚಬೇಕು. ಕೇಬಲ್‌ನ ಎರಡು ಕೋರ್‌ಗಳನ್ನು ಅಲ್ಲೇ, ಹೆಡ್‌ನ ಶಾಖದಲ್ಲೇ, ಒಂದಕ್ಕೊಂದು ಬಿಗಿಯಾಗಿ ತಿರುಚಬೇಕು. ಈಗ ಆ ಗಂಟೇ ಥರ್ಮೋಕಪಲ್. ಪ್ಯಾನಲ್‌ಗೆ ಹೋಗಿ ಡಿಸ್‌ಪ್ಲೇ ನೋಡಬೇಕು.

ಕೇಬಲ್ ಸರಿಯಿದ್ದು ಸರಿಯಾಗಿ ಜೋಡಿಸಿದ್ದರೆ ಹೆಡ್‌ನ ಶಾಖ, ಇಲ್ಲಿ 75, ಬರಬೇಕು. ತಾಮ್ರವಾಗಿದ್ದರೆ ಗಂಟು ಎಲ್ಲೇ ಇರಲಿ ಪ್ಯಾನಲ್‌ನ 27 ಬರುತ್ತದೆ. ಎಲೆಕ್ಟ್ರಿಷಿಯನ್ ಜೋಡಿಸಿದ ಹಾಗೆಯೇ ಬಿಟ್ಟು ಮಾಡಿದಾಗ ಡಿಸ್‌ಪ್ಲೇ ತೋರಿಸಿದ್ದು ಮೈನಸ್ 23. ಹೊರಗೆ ರಣಬಿಸಿಲು, ಒಳಗೆ ಕಾದ ಫರ್ನೇಸ್, ಡಿಸ್‌ಪ್ಲೇಯಲ್ಲಿ ಹಿಮಾಲಯ. ಆಪರೇಟರ್ ಫೋಟೋ ತೆಗೆದುಕೊಂಡ. ಕೆಲವು ಕಂಟ್ರೋಲರ್‌ಗಳು ಸೊನ್ನೆಗಿಂತ ಕೆಳಗೆ ತೋರಿಸುವುದಿಲ್ಲ, ಎರರ್ ಕೊಡುತ್ತವೆ. ಅದೂ ಇದೇ ಅರ್ಥ.

ಇನ್ನೊಂದು ಪರೀಕ್ಷೆಗೆ ಜೇಬಿನಲ್ಲಿ ಒಂದು ಸಣ್ಣ ಮ್ಯಾಗ್ನೆಟ್ ಸಾಕು. ಕೆ ಟೈಪ್‌ನಲ್ಲಿ ಮೈನಸ್ ಆದ ಅಲ್ಯುಮೆಲ್ ಮ್ಯಾಗ್ನೆಟ್‌ಗೆ ಅಂಟುತ್ತದೆ, ಪ್ಲಸ್ ಆದ ಕ್ರೋಮೆಲ್ ಅಂಟುವುದಿಲ್ಲ. ನಮ್ಮ ಕೇಬಲ್‌ನಲ್ಲಿ ಕೆಂಪು ವೈರ್ ಅಂಟಿತು. ಜೆ ಟೈಪ್ ಆಗಿದ್ದರೆ ಅಂಟುವುದು ಕಬ್ಬಿಣ, ಅದು ಪ್ಲಸ್. ಎರಡೂ ಅಂಟದೆ, ಕೆರೆದಾಗ ಒಂದು ಕೋರ್ ಮಾತ್ರ ತಾಮ್ರದ ಬಣ್ಣಕ್ಕೆ ಬಂದರೆ ಗಾಬರಿಯಾಗಬೇಕಿಲ್ಲ. ಕೆ ಟೈಪ್‌ಗೆಂದೇ ಮಾಡಿದ ಅಗ್ಗದ ಕಂಪೆನ್ಸೇಟಿಂಗ್ ಕೇಬಲ್‌ನಲ್ಲಿ ತಾಮ್ರ ಮತ್ತು ಕಾನ್‌ಸ್ಟಂಟನ್ ಜೋಡಿ ಇರುತ್ತದೆ. ಅದು ಹೆಡ್ 100 ಡಿಗ್ರಿ ದಾಟದಿದ್ದರೆ ನಡೆಯುತ್ತದೆ, ದಾಟಿದರೆ ಇಲ್ಲ. ಕೆರೆದಾಗ ಎರಡೂ ತಾಮ್ರವಾಗಿದ್ದರೆ ಅದು ಬರೀ ವೈರ್.

ಎರಡೂ ತುದಿಯಲ್ಲಿ ಕೋರ್‌ಗಳನ್ನು ಅದಲುಬದಲು ಮಾಡಿ ಮತ್ತೆ ಗಂಟು ಹಾಕಿದೆವು. 74 ಬಂತು. ಅಷ್ಟರಲ್ಲಿ ಹೆಡ್ ಒಂದು ಡಿಗ್ರಿ ಇಳಿದಿತ್ತು.

ಹೆಡ್‌ನಲ್ಲಿರುವ ಹಿತ್ತಾಳೆ ಟರ್ಮಿನಲ್‌ಗಳಿಂದ ತೊಂದರೆ ಆಗುವುದಿಲ್ಲವೇ ಎಂದು ಅವನು ಕೇಳಿದ. ಒಳ್ಳೆಯ ಪ್ರಶ್ನೆ. ಹಿತ್ತಾಳೆ ತುಂಡಿನ ಎರಡೂ ಬದಿ ಒಂದೇ ಶಾಖದಲ್ಲಿದ್ದರೆ ಅದು ಏನನ್ನೂ ಸೇರಿಸುವುದಿಲ್ಲ, ಕಳೆಯುವುದೂ ಇಲ್ಲ. ಹೆಡ್ ಮುಚ್ಚಳ ಹಾಕಿದ್ದರೆ ಸಾಕು. ಮುಚ್ಚಳ ಕಳೆದು ಫರ್ನೇಸಿನ ಬಿಸಿಗಾಳಿ ಒಂದು ಬದಿಗೆ ಹೊಡೆಯುವಂತಿದ್ದರೆ ಮಾತ್ರ ಒಂದೆರಡು ಡಿಗ್ರಿ ಆಟವಾಡುತ್ತದೆ. ಕಳೆದುಹೋಗಿದ್ದ ಮುಚ್ಚಳದ ಸ್ಕ್ರೂ ಬದಲು ಹೊಸದು ಹಾಕಿದೆವು.

6. ಕೊನೆಯ ಅಳತೆ

ಆಫ್‌ಸೆಟ್ ಸೊನ್ನೆ. ಬೆಳಿಗ್ಗೆ ಹೆಡ್ 40 ಇರುವಾಗ ನನ್ನ ಮೀಟರ್ 850, ಕಂಟ್ರೋಲರ್ 848. ಮಧ್ಯಾಹ್ನ ಹೆಡ್ 76 ಇರುವಾಗ 850ಕ್ಕೆ 847. ಪ್ಯಾನಲ್ ತುದಿಯಲ್ಲಿ ಮಿಲಿವೋಲ್ಟ್ ಹೆಡ್‌ಗಿಂತ ಸುಮಾರು 2 ಹೆಚ್ಚು.

ಉಳಿದ 3 ಡಿಗ್ರಿಯನ್ನೂ ಆಫ್‌ಸೆಟ್ ಹಾಕಿ ತೆಗೆಯೋಣ ಎಂದು ಸಾವುಕಾರರು ಕೇಳಿದರು. ಬೇಡವೆಂದೆ. ಕ್ಲಾಸ್ 2ರ ಕೆ ಟೈಪ್ ಥರ್ಮೋಕಪಲ್‌ಗೆ 850ರಲ್ಲಿ 6 ಡಿಗ್ರಿಗಿಂತ ಸ್ವಲ್ಪ ಹೆಚ್ಚೇ ಸಡಿಲು ಬಿಟ್ಟಿರುತ್ತಾರೆ, ಕ್ಲಾಸ್ 2 ಎಕ್ಸ್‌ಟೆನ್ಷನ್ ಕೇಬಲ್‌ಗೆ ಎರಡೂವರೆ. ನನ್ನ ಪ್ರೋಬ್‌ಗೂ ಅಷ್ಟೇ ಸಡಿಲು ಇದೆ. ಆ 3 ಯಾರದ್ದು ಎಂದು ಹೇಳಲು ನನ್ನ ಹತ್ತಿರ ಸಾಧನವಿಲ್ಲ. ಪ್ಯಾನಲ್ ಬಾಗಿಲ ಒಳಗೆ ಒಂದು ಕಾಗದ ಅಂಟಿಸಿದೆ: ಆಫ್‌ಸೆಟ್ 0, ಕೇಬಲ್ ಕೆ ಟೈಪ್, ಹಳದಿ ಪ್ಲಸ್, ಕೆಂಪು ಮೈನಸ್, ತಾರೀಖು.

ಖರ್ಚು: ಕೇಬಲ್ 1,530, ಸೆರಾಮಿಕ್ ಟರ್ಮಿನಲ್ ಮತ್ತು ಲಗ್‌ಗಳು 220, ಬಸ್ ಪಾರ್ಸೆಲ್ 100. ನನ್ನ ಕೂಲಿ ಬೇರೆ. ಮೊದಲು ಬದಲಾಯಿಸಿದ ಕಂಟ್ರೋಲರ್ ಚೆನ್ನಾಗಿಯೇ ಇತ್ತು, ಈಗ ಸ್ಪೇರ್ ಆಗಿ ಕಪಾಟಿನಲ್ಲಿದೆ.

7. ಟೆಂಪರಿಂಗ್ ಫರ್ನೇಸ್: ಬಾಕಿ

ಹಾರ್ಡನಿಂಗ್ ಆದ ಮಾಲನ್ನು ಮತ್ತೆ ಕಾಯಿಸಿ ಪೆಡಸುತನ ಇಳಿಸುವ ಪಕ್ಕದ ಟೆಂಪರಿಂಗ್ ಫರ್ನೇಸ್‌ಗೂ ಅದೇ ತಾಮ್ರದ ಕೇಬಲ್ ಇದೆ. ಅಲ್ಲಿ ಹೆಡ್ 52, ಪ್ಯಾನಲ್ 27. ಡಿಸ್‌ಪ್ಲೇ 550 ಅಂದಾಗ ಒಳಗೆ 574. ಆಫ್‌ಸೆಟ್ ಇಲ್ಲ. ಈ ಫರ್ನೇಸ್ ಬಗ್ಗೆ ಯಾರ ದೂರೂ ಇಲ್ಲ, ಅದೇ ಇಲ್ಲಿನ ತೊಡಕು.

ಪ್ಯಾನಲ್ ಕ್ಯಾಬಿನ್‌ಗೆ ಬಂದ ಮೇಲೆ ಗಡಸುತನ ಸರಿಯಾಗಿ ಬರುವವರೆಗೆ ಸೆಟ್ ಪಾಯಿಂಟ್ ಅನ್ನು ಏರಿಸಿ ಇಳಿಸಿ, ಯಾವ ಪಿನ್‌ಗೆ ಎಷ್ಟು ಎಂದು ಆಪರೇಟರ್ ಒಂದು ಪಟ್ಟಿ ಮಾಡಿಕೊಂಡಿದ್ದಾನೆ. ಆ ಪಟ್ಟಿಯ ಅಂಕಿಗಳೆಲ್ಲ ತಾಮ್ರದ ಕೇಬಲ್‌ನ ಅಂಕಿಗಳು. ಕೇಬಲ್ ಬದಲಾಯಿಸಿ ಪಟ್ಟಿಯನ್ನು ಹಾಗೇ ಬಿಟ್ಟರೆ, 550 ಎಂದು ಬರೆದಲ್ಲಿ ನಿಜವಾಗಿ 550 ಆಗುತ್ತದೆ, ಮಾಲಿಗೆ ಬೇಕಾದದ್ದು 574. ಪಿನ್ನುಗಳು ಗಡುಸಾಗಿ, ಪೆಡಸಾಗಿ ಹೊರಬರುತ್ತವೆ. ಕೇಬಲ್ ಸರಿ ಮಾಡಿದ ದಿನವೇ "ಹೊಸ ಕೇಬಲ್ ಬಂದ ಮೇಲೆ ಮಾಲು ಕೆಟ್ಟಿತು" ಎಂದು ಫೋನ್ ಬರುತ್ತದೆ.

ಎಲ್ಲ ಅಂಕಿಗೂ 24 ಕೂಡಿಸಿದರೆ ಆಗುವುದಿಲ್ಲವೇ ಎಂದು ಆಪರೇಟರ್ ಕೇಳಿದ. ಆಗುವುದಿಲ್ಲ. 300ಕ್ಕೆ ಓಡಿಸುವಾಗ ಹೆಡ್ ಅಷ್ಟು ಕಾಯುವುದಿಲ್ಲ, ಅಲ್ಲಿ ಅಂತರವೂ ತಪ್ಪೂ ಕಡಿಮೆ. ಆದ್ದರಿಂದ ಕೇಬಲ್ ಈಗಲೇ ಮುಟ್ಟಿಲ್ಲ. ಪಟ್ಟಿಯ ಒಂದೊಂದು ಸೆಟ್ ಪಾಯಿಂಟ್‌ನಲ್ಲೂ ಲೋಡ್ ಓಡುವಾಗ ನನ್ನ ಪ್ರೋಬ್‌ನ ಓದನ್ನು ಪಕ್ಕದ ಕಾಲಂನಲ್ಲಿ ಬರೆಯಲು ಹೇಳಿ, ಪ್ರೋಬ್ ಅಲ್ಲೇ ಬಿಟ್ಟು ಬಂದಿದ್ದೇನೆ. ಆ ಕಾಲಂ ತುಂಬಿದ ಮೇಲೆ ಉಳಿದ 4 ಮೀಟರ್ ಜೊತೆಗೆ ಇನ್ನೂ 12 ಮೀಟರ್ ತರಿಸಿ, ಕೇಬಲ್ಲನ್ನೂ ಪಟ್ಟಿಯನ್ನೂ ಒಂದೇ ದಿನ ಬದಲಾಯಿಸುವುದು. ನಡುವಿನ ಜೋಡಣೆಗೂ ಅದೇ ಸೆರಾಮಿಕ್ ಟರ್ಮಿನಲ್ ಬರುತ್ತದೆ, ಫರ್ನೇಸಿನಿಂದ ದೂರದಲ್ಲಿ, ಮುಚ್ಚಿದ ಡಬ್ಬಿಯೊಳಗೆ.